ಮೂರು ಹಂತದ ವಿನ್ಯಾಸಕ್ಕೆ ಒಂದು ತಪಾಸಣೆ

ಹೆಚ್ಚಿನ ಜಾಲತಾಣಗಳು ಮೂರು ಹಂತದ ವಿನ್ಯಾಸದ ಮೇಲೆ ನಿಂತಿರುತ್ತವೆ. ಬಳಕೆದಾರರಿಗೆ ಪುಟ ತೋರಿಸುವ ವೆಬ್ ಸರ್ವರ್ ಮೊದಲನೆಯದು, ನಿಯಮ ಮತ್ತು ಲೆಕ್ಕಾಚಾರ ನೋಡಿಕೊಳ್ಳುವ ಆಪ್ ಸರ್ವರ್ ಎರಡನೆಯದು, ಮಾಹಿತಿಯನ್ನು ಕಾಪಿಡುವ ಡೇಟಾಬೇಸ್ ಮೂರನೆಯದು. ಕ್ಲೌಡ್‌ನಲ್ಲಿ ಕಟ್ಟಿದ ಇಂಥ ವಿನ್ಯಾಸಗಳನ್ನು ಒರೆಗೆ ಹಚ್ಚಲು ಅಮೆಜಾನ್ ವೆಬ್ ಸರ್ವಿಸಸ್ 2015ರಲ್ಲಿ ‘ವೆಲ್-ಆರ್ಕಿಟೆಕ್ಟೆಡ್’ ಎಂಬ ಚೌಕಟ್ಟನ್ನು ಪ್ರಕಟಿಸಿತು. ಈಗ ಅದಕ್ಕೆ ಆರು ಸ್ತಂಭಗಳಿದ್ದು, ವಿಶ್ವಾಸಾರ್ಹತೆ, ಭದ್ರತೆ ಮತ್ತು ವೆಚ್ಚ ಅವುಗಳಲ್ಲಿ ಸೇರಿವೆ. ಇದು ಅಂಕ ಕೊಡುವ ಪರೀಕ್ಷೆಯಲ್ಲ. ಪ್ರಶ್ನೆ ಕೇಳಿ, ಎಲ್ಲೆಲ್ಲಿ ಅಪಾಯವಿದೆ ಎಂದು ಗುರುತಿಸಿ, ಯಾವುದನ್ನು ಮೊದಲು ಸರಿಪಡಿಸಬೇಕೆಂದು ತೀರ್ಮಾನಿಸುವ ಕ್ರಮ.

ಬಸ್ ಟಿಕೆಟ್ ಮಾರುವ ಒಂದು ಕಾಲ್ಪನಿಕ ತಾಣವನ್ನು ತೆಗೆದುಕೊಳ್ಳಬಹುದು. ಮುಂಬೈ ವಲಯದಲ್ಲಿ ಒಂದು ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಎರಡು ವೆಬ್ ಸರ್ವರ್, ಒಂದು ಆಪ್ ಸರ್ವರ್, ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಸರ್ವರ್‌ಗಳೂ ಡೇಟಾಬೇಸೂ ಒಂದೇ ಅವೈಲೆಬಿಲಿಟಿ ಝೋನ್‌ನಲ್ಲಿವೆ. ಅಂದರೆ ವಿದ್ಯುತ್ತು, ತಂಪು ವ್ಯವಸ್ಥೆ, ಜಾಲ ಎಲ್ಲವನ್ನೂ ಹಂಚಿಕೊಂಡ ಒಂದೇ ಡೇಟಾ ಸೆಂಟರ್ ಗುಂಪಿನಲ್ಲಿ. ಕಾಗದದ ಮೇಲೆ ನಕ್ಷೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ತಪಾಸಣೆ ಮಾಡುವವರ ಕಣ್ಣು ಪೆಟ್ಟಿಗೆಗಳಿಗಿಂತ ಅವುಗಳನ್ನು ಜೋಡಿಸುವ ಗೆರೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ತೊಂದರೆಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ.

ಮೊದಲ ಪ್ರಶ್ನೆ ತಂತ್ರಜ್ಞಾನದ್ದಲ್ಲ, ವ್ಯವಹಾರದ್ದು. ತಾಣ ಎಷ್ಟು ಹೊತ್ತು ನಿಂತರೆ ಸಹಿಸಬಹುದು? ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಸಹಿಸಬಹುದು? ಈ ತಾಣದ ಮಾಲೀಕರು ಎರಡು ಗಂಟೆ ನಿಂತರೆ ಹೇಗೋ ಸಂಭಾಳಿಸಬಹುದು, ಆದರೆ ಮಾರಿದ ಟಿಕೆಟಿನ ದಾಖಲೆ ಹತ್ತು ನಿಮಿಷದ್ದಕ್ಕಿಂತ ಹೆಚ್ಚು ಹೋಗಕೂಡದು ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ಮುಂದಿನ ಪ್ರತಿಯೊಂದು ಟೀಕೆಯನ್ನೂ ಈ ಎರಡು ಅಂಕಿಗಳೇ ಅಳೆಯುತ್ತವೆ. ಇವಿಲ್ಲದೆ ಶುರುವಾದ ತಪಾಸಣೆ ದುಬಾರಿ ಸಲಹೆಗಳ ಪಟ್ಟಿಯಾಗಿ ಮುಗಿಯುತ್ತದೆ.

ಈಗ ವಿಶ್ವಾಸಾರ್ಹತೆ. ಒಂದೇ ಆಪ್ ಸರ್ವರ್ ವರ್ಷದಲ್ಲಿ ಶೇ. 99.5ರಷ್ಟು ಹೊತ್ತು ಕೆಲಸ ಮಾಡುತ್ತದೆ ಎಂದುಕೊಂಡರೂ ಸುಮಾರು 44 ಗಂಟೆ ನಿಂತಿರುತ್ತದೆ. ಡೇಟಾಬೇಸಿಗೂ ಅದೇ ಲೆಕ್ಕ ಹಿಡಿದರೆ, ಎರಡೂ ಏಕಕಾಲಕ್ಕೆ ಸರಿಯಿರುವ ಅವಧಿ ಎರಡರ ಗುಣಲಬ್ಧ, ಶೇ. 99ರ ಆಸುಪಾಸು, ನಿಲುಗಡೆ ವರ್ಷಕ್ಕೆ 87 ಗಂಟೆ. ಮುಂದೆ ಎರಡು ವೆಬ್ ಸರ್ವರ್ ಇರುವುದರಿಂದ ಇದರಲ್ಲಿ ಒಂದು ನಿಮಿಷವೂ ಉಳಿಯುವುದಿಲ್ಲ.

ಹಾಗಾದರೆ ಇನ್ನೊಂದು ಆಪ್ ಸರ್ವರ್ ಸೇರಿಸಿದರಾಯಿತೇ? ಎರಡು ಸರ್ವರ್‌ಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡುವಂತಿದ್ದರೆ ಮಾತ್ರ ಅದರ ಲಾಭ ಸಿಗುತ್ತದೆ. ಎರಡೂ ಒಂದೇ ಝೋನ್‌ನಲ್ಲಿದ್ದರೆ ಒಟ್ಟಿಗೇ ಮಲಗುತ್ತವೆ, ಆದ್ದರಿಂದ ಎರಡನೆಯದು ಬೇರೆ ಝೋನ್‌ಗೆ ಹೋಗಬೇಕು. ಆಗ ಅಲ್ಲಿಯವರೆಗೆ ಕಾಣದಿದ್ದ ಸಂಗತಿಗಳು ಹೊರಬೀಳುತ್ತವೆ. ಪ್ರಯಾಣಿಕರ ಲಾಗಿನ್ ವಿವರ ಮೊದಲ ಸರ್ವರ್‌ನ ಮೆಮೊರಿಯಲ್ಲೇ ಇದ್ದರೆ, ಅರ್ಧ ಬುಕಿಂಗ್ ಮಾಡಿದವರು ಎರಡನೆಯದಕ್ಕೆ ಹೋದಾಗ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಬೆಳಗಿನ ಎಸ್‌ಎಂಎಸ್ ಕಳಿಸುವ ನಿಗದಿತ ಕೆಲಸ ಎರಡೂ ಕಡೆ ನಡೆದು ಪ್ರತಿಯೊಬ್ಬರಿಗೂ ಎರಡೆರಡು ಸಂದೇಶ ಹೋಗುತ್ತದೆ. ಹೀಗಾಗಿ ಸರ್ವರ್ ಕೊಳ್ಳುವ ಮೊದಲು ಲಾಗಿನ್ ವಿವರವನ್ನು ಹೊರಗಿನ ಸಂಗ್ರಹಕ್ಕೆ ಸಾಗಿಸುವ, ನಿಗದಿತ ಕೆಲಸವನ್ನು ಬೇರ್ಪಡಿಸುವ ಕೆಲಸವಿದೆ. ಅಂದಾಜುಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

ಡೇಟಾಬೇಸಿಗೆ ಬೇರೆ ಝೋನ್‌ನಲ್ಲಿ ಒಂದು ಸಿದ್ಧ ಪ್ರತಿಯನ್ನು ಇಡಬಹುದು. ಮೂಲ ಕೆಟ್ಟರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಪ್ರತಿ ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಇದನ್ನು ಬ್ಯಾಕಪ್ ಎಂದುಕೊಳ್ಳುವುದು ತುಂಬಾ ಸಲ ಕಾಣುವ ತಪ್ಪು. ಯಾರೋ ತಪ್ಪಿ ಬುಕಿಂಗ್ ದಾಖಲೆಗಳನ್ನು ಅಳಿಸಿದರೆ ಆ ಅಳಿಸುವಿಕೆಯೂ ತಕ್ಷಣ ಪ್ರತಿಗೆ ಹೋಗುತ್ತದೆ. ರಾತ್ರಿಗೊಮ್ಮೆ ಬ್ಯಾಕಪ್ ತೆಗೆಯುವ ಪದ್ಧತಿಯೂ ಹತ್ತು ನಿಮಿಷದ ಮಿತಿಗೆ ಸಾಲದು. ಬದಲಾವಣೆಗಳ ಲಾಗ್ ಅನ್ನು ನಡುನಡುವೆ ಉಳಿಸುತ್ತಾ, ಬೇಕಾದ ಕ್ಷಣಕ್ಕೆ ಹಿಂತಿರುಗಲು ಬಿಡುವ ವ್ಯವಸ್ಥೆ ಬೇಕು.

ಅದನ್ನು ಹಾಕಿಕೊಂಡರೂ ಪ್ರಶ್ನೆ ಮುಗಿಯುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಪ್ರತಿಯ ಮೇಲೆ ಕೆಲಸ ಮಾಡುತ್ತಿದ್ದೇನೆಂದು ಭಾವಿಸಿ ಮೂಲ ಡೇಟಾಬೇಸಿನ ಕಡತಗಳನ್ನು ಅಳಿಸಿದರು. ಬ್ಯಾಕಪ್‌ಗೆಂದು ಇದ್ದ ಹಲವು ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿನದಕ್ಕೆ ಹೊಂದದೆ ಅದು ವಿಫಲವಾಗುತ್ತಲೇ ಇತ್ತು. ಎಚ್ಚರಿಕೆಯ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ನಕಲೊಂದು ಕೈ ಹಿಡಿಯಿತು, ನಡುವಿನ ಮಾಹಿತಿ ಹೋಯಿತು. ಆದ್ದರಿಂದ ‘ಬ್ಯಾಕಪ್ ಇದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ಕೊನೆಯ ಬಾರಿ ಅದರಿಂದ ಮರಳಿ ಸ್ಥಾಪಿಸಿದ್ದು ಯಾವಾಗ, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬೇಕು. ಮೂರು ಗಂಟೆ ಹಿಡಿಯಿತೆಂದರೆ ಎರಡು ಗಂಟೆಯ ಮಿತಿ ಆಗಲೇ ಮುರಿದಿದೆ.

ಭದ್ರತೆಗೆ ಬಂದರೆ ಪ್ರತಿ ಗೆರೆಯ ಮೇಲೂ ಒಂದೇ ಪ್ರಶ್ನೆ: ಈ ದಾರಿಯಲ್ಲಿ ಯಾರು ಬರಬಹುದು? ನಕ್ಷೆಯಲ್ಲಿ ಡೇಟಾಬೇಸಿಗೆ ಆಪ್ ಸರ್ವರ್‌ನಿಂದ ಮಾತ್ರ ಗೆರೆಯಿದೆ. ನಿಜವಾದ ನಿಯಮವನ್ನು ತೆರೆದು ನೋಡಿದರೆ `3306` ಪೋರ್ಟ್ `0.0.0.0/0`ಗೆ, ಅಂದರೆ ಯಾವುದೇ ವಿಳಾಸಕ್ಕೆ ತೆರೆದಿರುವುದುಂಟು. ಎಂದೋ ಒಂದು ದಿನ ಅವಸರದಲ್ಲಿ ಡೆವಲಪರ್ ಒಬ್ಬರು ಮನೆಯಿಂದ ನೋಡಲೆಂದು ತೆರೆದದ್ದು ಹಾಗೆಯೇ ಉಳಿದಿರುತ್ತದೆ. ಡೇಟಾಬೇಸಿಗೆ ಹೊರಗಿನ ವಿಳಾಸವೇ ಇರಕೂಡದು, ಪೋರ್ಟ್ ಆಪ್ ಸರ್ವರ್‌ಗಳ ಸೆಕ್ಯೂರಿಟಿ ಗ್ರೂಪಿಗೆ ಮಾತ್ರ ತೆರೆದಿರಬೇಕು.

ಜಾಲದ ಗೆರೆಗಳನ್ನು ಬಿಗಿ ಮಾಡಿದರೂ ನಕ್ಷೆಯಲ್ಲಿ ಎಳೆಯದ ಗೆರೆಯೊಂದು ಉಳಿಯುತ್ತದೆ: ಸರ್ವರ್‌ಗೆ ಕೊಟ್ಟಿರುವ ಅನುಮತಿಗಳು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ದಾಳಿಕೋರರು ಸರಿಯಾಗಿ ಹೊಂದಿಸಿರದ ಫೈರ್‌ವಾಲ್ ಮೂಲಕ ಸರ್ವರ್‌ನಿಂದಲೇ ಅದರ ತಾತ್ಕಾಲಿಕ ಗುರುತುಚೀಟಿಯನ್ನು ಪಡೆದರು. ಆ ಗುರುತಿಗೆ ಬೇಕಾದ್ದಕ್ಕಿಂತ ಹೆಚ್ಚಿನ ಅಧಿಕಾರವಿದ್ದುದರಿಂದ ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಹೋಯಿತು. ಬಸ್ ತಾಣದ ವೆಬ್ ಸರ್ವರ್‌ಗೆ ಎಲ್ಲ ಕಡತಸಂಗ್ರಹಗಳನ್ನೂ ಓದುವ ಅನುಮತಿ ಇದ್ದರೆ, ಅಪಾಯ ಇದೇ ಜಾತಿಯದು.

ವೆಚ್ಚವನ್ನು ಕೊನೆಗೆ ಹಿಡಿಯುವುದಕ್ಕೆ ಕಾರಣವಿದೆ: ಮೇಲಿನ ತೀರ್ಮಾನಗಳೇ ಬಿಲ್ಲನ್ನು ಬದಲಿಸುತ್ತವೆ. ಡೇಟಾಬೇಸಿನ ಸಿದ್ಧ ಪ್ರತಿ ಆ ಭಾಗದ ಬಾಡಿಗೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಸರ್ವರ್‌ಗಳು ಎರಡು ಝೋನ್‌ಗೆ ಹರಡಿದರೆ ನಡುವೆ ಸಾಗುವ ಮಾಹಿತಿಗೂ ಶುಲ್ಕ ಬೀಳುತ್ತದೆ. ಈ ಹಣವನ್ನು ಬೇರೆಡೆಯಿಂದ ಹುಟ್ಟಿಸಬಹುದು. ಪರೀಕ್ಷೆಗೆಂದು ಇಟ್ಟ ಸರ್ವರ್‌ಗಳು ವಾರದ 168 ಗಂಟೆಯೂ ಓಡುತ್ತಿದ್ದರೆ, ಅವನ್ನು ವಾರಕ್ಕೆ ಐದು ದಿನ ಹತ್ತು ಗಂಟೆಯಂತೆ 50 ಗಂಟೆಗೆ ಇಳಿಸಿದಾಗ ಅವುಗಳ ಬಾಡಿಗೆ ಶೇ. 70ರಷ್ಟು ಇಳಿಯುತ್ತದೆ; ಡಿಸ್ಕಿನ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಒಂದು ಅಥವಾ ಮೂರು ವರ್ಷದ ಮುಂಗಡ ಒಪ್ಪಂದದಲ್ಲಿ ರಿಯಾಯಿತಿ ಸಿಗುತ್ತದಾದರೂ ಅದು ಸರ್ವರ್‌ಗಳ ಗಾತ್ರ ಸರಿಪಡಿಸಿದ ಮೇಲಿನ ಮಾತು. ಇಲ್ಲವಾದರೆ ವ್ಯರ್ಥವನ್ನೇ ರಿಯಾಯಿತಿಯಲ್ಲಿ ಕೊಂಡಂತಾಗುತ್ತದೆ.

ಕೊನೆಗೆ ಕೈಗೆ ಬರುವುದು ಒಂದು ಕ್ರಮಬದ್ಧ ಪಟ್ಟಿ. ತೆರೆದ ಪೋರ್ಟ್ ಮುಚ್ಚುವುದು ಅಂದೇ ಆಗಬೇಕು, ಅದಕ್ಕೆ ಖರ್ಚಿಲ್ಲ. ಅನುಮತಿಗಳನ್ನು ಮೊಟಕುಗೊಳಿಸುವುದು ಮತ್ತು ಬ್ಯಾಕಪ್‌ನಿಂದ ಮರಳಿ ಸ್ಥಾಪಿಸಿ ನೋಡುವುದು ಆ ವಾರದ ಕೆಲಸ. ಡೇಟಾಬೇಸಿನ ಪ್ರತಿ, ಎರಡನೇ ಆಪ್ ಸರ್ವರ್ ಆಮೇಲೆ. ಬೇರೆ ವಲಯದಲ್ಲಿ ಇಡೀ ತಾಣದ ಇನ್ನೊಂದು ನಕಲು ಬೇಡವೆಂದು ಮಾಲೀಕರು ತೀರ್ಮಾನಿಸಬಹುದು. ಆಗ ಇಡೀ ಮುಂಬೈ ವಲಯವೇ ಕೆಟ್ಟರೆ ಎರಡು ಗಂಟೆಯ ಮಾತು ಉಳಿಯುವುದಿಲ್ಲ ಎಂಬುದನ್ನೂ, ಆ ಅಪಾಯವನ್ನು ಒಪ್ಪಿಕೊಂಡವರ ಹೆಸರನ್ನೂ ದಿನಾಂಕದೊಂದಿಗೆ ಪಟ್ಟಿಯಲ್ಲೇ ಬರೆದಿಡಬೇಕು.