ಕಿವಿತಮಟೆಗೊಂದು ಗಾಳಿಕಂಡಿ

ಸಾಗರದಲ್ಲಿ ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ. ಕಿವಿ–ಮೂಗು–ಗಂಟಲು ವೈದ್ಯರ ಕೋಣೆಯಲ್ಲಿ ಹೊಸನಗರ ಕಡೆಯ ಐದು ವರ್ಷದ ಹುಡುಗನೊಬ್ಬ ಅಮ್ಮನ ತೊಡೆಯ ಮೇಲೆ ಕೂತಿದ್ದ. ಕಿವಿ ನೋವಿಲ್ಲ, ಸೋರಿಲ್ಲ, ಜ್ವರವೂ ಇಲ್ಲ. "ಕರೆದ್ರೆ ತಿರುಗೋದೇ ಇಲ್ಲ ಡಾಕ್ಟ್ರೇ. ಟಿವಿ ಜೋರು ಮಾಡ್ತಾನೆ. ಪಾಠದ ಕಡೆ ಲಕ್ಷ್ಯವೇ ಇಲ್ಲ ಅಂತಾರೆ ಟೀಚರು" ಎಂದರು ಅಮ್ಮ. ಜೊತೆಗಿದ್ದ ಅಜ್ಜಿ ತಮ್ಮ ಪಾಲಿನದನ್ನೂ ಸೇರಿಸಿದರು: "ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡ್ತಾನೇ ಇದೀನಿ."

ವೈದ್ಯರು ಟಾರ್ಚ್ ಹಿಡಿದು ಕಿವಿಯೊಳಗೆ ನೋಡಿದರು. ಆರೋಗ್ಯದ ತಮಟೆ ಮುತ್ತಿನ ಬೂದು ಬಣ್ಣದ್ದು, ಬೆಳಕು ಬಿದ್ದರೆ ಹೊಳೆಯುತ್ತದೆ. ಇವನದು ಜೇನಿನ ಬಣ್ಣಕ್ಕೆ ತಿರುಗಿ, ಒಳಕ್ಕೆ ಜಗ್ಗಿಕೊಂಡಿತ್ತು. ಅದರ ಹಿಂದೆ ಒಂದು ಸಣ್ಣ ಗುಳ್ಳೆ, ಮುಚ್ಚಿದ ಸೀಸೆಯೊಳಗಿನ ಎಣ್ಣೆಯಲ್ಲಿ ಕಾಣುವಂಥದ್ದು.

ಆಮೇಲೆ ಬಂತು ಟಿಂಪನೋಮೆಟ್ರಿ ಯಂತ್ರ. ಕಿವಿಗೆ ರಬ್ಬರ್ ತುದಿ ಒತ್ತಿ ಗಾಳಿಯ ಒತ್ತಡವನ್ನು ಏರಿಸಿ ಇಳಿಸುತ್ತದೆ, ತಮಟೆ ಎಷ್ಟು ಅಲುಗುತ್ತದೆ ಎಂದು ಗೆರೆ ಎಳೆಯುತ್ತದೆ. ತಮಟೆ ಸರಿಯಿದ್ದರೆ ಕಾಗದದ ಮೇಲೆ ಒಂದು ಗುಡ್ಡ ಮೂಡುತ್ತದೆ. ಈ ಹುಡುಗನ ಎರಡೂ ಕಿವಿಗೆ ಬಂದದ್ದು ಬಯಲು ಗದ್ದೆಯಂಥ ಚಪ್ಪಟೆ ಗೆರೆ. ಪಕ್ಕದಲ್ಲಿ ಕಿವಿಕಾಲುವೆಯ ಅಳತೆ: 0.6 ಮಿಲಿಲೀಟರ್. ಈ ಸಣ್ಣ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

"ತಲೆಗೆ ಸ್ನಾನ ಮಾಡಿಸುವಾಗ ನೀರು ಹೋಯ್ತಾ?" ಅಜ್ಜಿಯ ಪ್ರಶ್ನೆ. ಮಲೆನಾಡಿನ ಹೆಚ್ಚಿನ ಮನೆಗಳ ನಂಬಿಕೆಯೂ ಇದೇ. ಆದರೆ ತಮಟೆಯಲ್ಲಿ ತೂತಿಲ್ಲದಿದ್ದರೆ ಹಂಡೆಯ ನೀರೂ ಒಳಗೆ ಹೋಗದು, ಬೆಳ್ಳುಳ್ಳಿ ಎಣ್ಣೆಯೂ ಹೋಗದು. ಈ ದ್ರವ ಹೊರಗಿನಿಂದ ಬಂದದ್ದಲ್ಲ, ಒಳಗೇ ಒಸರಿದ್ದು.

ತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಇರಬೇಕಾದದ್ದು ಗಾಳಿ. ಕೋಣೆಯ ಒಳಪೊರೆ ಆ ಗಾಳಿಯನ್ನು ಸದಾ ಸ್ವಲ್ಪಸ್ವಲ್ಪ ಹೀರಿಕೊಳ್ಳುತ್ತದೆ. ಕಡಿಮೆಯಾದಷ್ಟನ್ನು ಮೂಗಿನ ಹಿಂಭಾಗದಿಂದ ಬರುವ ಯುಸ್ಟೇಶಿಯನ್ ನಳಿಕೆ ತುಂಬಿಕೊಡಬೇಕು. ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಈ ನಳಿಕೆ ಕ್ಷಣಕಾಲ ತೆರೆಯುತ್ತದೆ. ದೊಡ್ಡವರಲ್ಲಿ ಅದು ಉದ್ದವಾಗಿ ಇಳಿಜಾರಿನಲ್ಲಿದೆ. ಕೂಸುಗಳಲ್ಲಿ ಅದರ ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತದೆ, ತೆರೆಯುವ ಸ್ನಾಯುವೂ ಇನ್ನೂ ಬಲಿತಿರುವುದಿಲ್ಲ. ನೆಗಡಿಯಲ್ಲಿ ಅದರ ಬಾಯಿ ಊದುತ್ತದೆ. ಅಲ್ಲೇ ಪಕ್ಕದಲ್ಲಿರುವ ಅಡಿನಾಯ್ಡ್ ದಪ್ಪವಾದರೆ ಇನ್ನಷ್ಟು ತೊಡಕು. ಹೊಸ ಗಾಳಿ ಬಾರದೆ ಕೋಣೆಯ ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಜಗ್ಗುತ್ತದೆ, ಪೊರೆ ದ್ರವ ಒಸರತೊಡಗುತ್ತದೆ. ಮೊದಲು ನೀರಿನಂತಿದ್ದದ್ದು ದಿನ ಕಳೆದಂತೆ ಅಂಟಾಗುತ್ತದೆ. ಮನೆಯಲ್ಲಿ ಬೀಡಿ–ಸಿಗರೇಟಿನ ಹೊಗೆಯಿದ್ದರೆ ಈ ತೊಂದರೆ ಹೆಚ್ಚು. ಸೀಳು ಅಂಗುಳಿನ ಮಕ್ಕಳಲ್ಲಂತೂ ಇದು ತೀರಾ ಸಾಮಾನ್ಯ.

ಹುಡುಗನ ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿ ಸುಮಾರು 35 ಡೆಸಿಬಲ್‌ಗೆ ನಿಂತವು. ಇದು ಕಿವುಡಲ್ಲ, ಕಿವಿಗೆ ಬೆರಳಿಟ್ಟು ಕೇಳಿದ ಹಾಗೆ. ಸ್ವರಗಳು ಕೇಳುತ್ತವೆ, ಮೆಲುವಾದ ವ್ಯಂಜನಗಳು ತಪ್ಪಿಹೋಗುತ್ತವೆ. ಹಿಂದಿನ ಬೆಂಚಿನವನಿಗೆ ಹಾಸು, ಹಾಕು, ಹಾಡು ಮೂರೂ ಒಂದೇ. ಹುಟ್ಟಿದಾಗ ಮಾಡಿದ ಪರೀಕ್ಷೆ ಇದನ್ನು ಹಿಡಿಯದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲೇ ನವಜಾತ ಶಿಶುಗಳ ಶ್ರವಣ ತಪಾಸಣೆಯ ವ್ಯವಸ್ಥೆ ಮಾಡಿದೆ. ಆದರೆ ಅಲ್ಲಿ ತೇರ್ಗಡೆಯಾದ ಕೂಸಿಗೂ ಎರಡು ಮೂರು ವರ್ಷದ ಮೇಲೆ ದ್ರವ ಕಟ್ಟಬಹುದು. ಅಂಗನವಾಡಿ–ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಮುಂದೆ "ಕರೆದರೆ ಓಗೊಡಲ್ಲ" ಎಂಬ ಒಂದು ಮಾತು ಹೇಳಿದರೆ ಅರ್ಧ ಕೆಲಸ ಆದಂತೆಯೇ.

ಅಂದು ವೈದ್ಯರು ಔಷಧಿಯನ್ನೇ ಬರೆಯಲಿಲ್ಲ. ಅಮ್ಮನಿಗೆ ಬೇಸರವಾಯಿತು. ಬರೆಯದಿದ್ದದ್ದೇ ಸರಿ. ಆ್ಯಂಟಿಬಯೋಟಿಕ್, ನೆಗಡಿ ಸಿರಪ್, ಸ್ಟಿರಾಯ್ಡ್ ಯಾವುದೂ ಈ ದ್ರವವನ್ನು ನಿಚ್ಚಳವಾಗಿ ಕರಗಿಸುವುದಿಲ್ಲ ಎಂದು ಮೇಲಿಂದ ಮೇಲೆ ಕಂಡುಬಂದಿದೆ. ಆದರೂ ಸಿರಪ್ಪಿನ ಮೇಲೆ ಸಿರಪ್ಪು ಕುಡಿಸುವ ರೂಢಿ ನಿಂತಿಲ್ಲ. ನೆಗಡಿಯ ಬೆನ್ನಿಗೆ ಕಟ್ಟಿದ ದ್ರವ ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. "ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡಿ, ದೀಪಾವಳಿ ಹೊತ್ತಿಗೆ ಬನ್ನಿ. ಅಜ್ಜಿ, ಎಣ್ಣೆ ಬೇಡ" ಎಂದಷ್ಟೇ ಹೇಳಿ ಕಳಿಸಿದರು.

ದೀಪಾವಳಿಗೂ ಗೆರೆ ಚಪ್ಪಟೆಯೇ, ಶ್ರವಣ ಅಲ್ಲೇ. ತಮಟೆಯಲ್ಲಿ ಕೂರಿಸುವ ಪುಟ್ಟ ಬಳೆಯ, ಅಂದರೆ ಗ್ರೋಮೆಟ್‌ನ ಮಾತು ಬಂದದ್ದು ಆಗ. ಎರಡೂ ಕಿವಿಯಲ್ಲಿ ದ್ರವ, ಮೂರು ತಿಂಗಳಿಗೂ ಮೀರಿದ ಅವಧಿ, ಪರೀಕ್ಷೆಯಲ್ಲಿ ಕಂಡ ಶ್ರವಣದ ಕೊರತೆ, ಜೊತೆಗೆ ಮಾತಿಗೋ ಓದಿಗೋ ತೊಂದರೆ, ಇಷ್ಟು ಕೂಡಿದಾಗ ಅದನ್ನು ಯೋಚಿಸುತ್ತಾರೆ. ತಮಟೆ ಕುಸಿದು ಮೂಳೆಗೆ ಅಂಟತೊಡಗಿದ್ದರೆ, ಅಥವಾ ಡೌನ್ ಸಿಂಡ್ರೋಮ್‌ನಂಥ ಬೇರೆ ಕಾರಣವಿದ್ದರೆ ಲೆಕ್ಕ ಬೇರೆ. ದ್ರವವಿದ್ದೂ ಚೆನ್ನಾಗಿ ಕೇಳುವ ಮಗುವಿಗೆ ಸಾಮಾನ್ಯವಾಗಿ ಕಾಯುವುದೇ ದಾರಿ.

ಗ್ರೋಮೆಟ್ ಎಂಬ ಹೆಸರು ಮಲೆನಾಡಿಗೆ ಅಪರಿಚಿತವಲ್ಲ. ಅಡಿಕೆ ಮುಚ್ಚುವ ಟಾರ್ಪಾಲಿನ ಅಂಚಿನಲ್ಲಿ ಹಗ್ಗ ಪೋಣಿಸಲು ಹಿತ್ತಾಳೆ ಬಳೆ ಇರುತ್ತದಲ್ಲ, ಅದರ ಹೆಸರೂ ಗ್ರೋಮೆಟ್ಟೇ. ಮೂಲದಲ್ಲಿ ಇದು ಹಡಗಿನವರ ಮಾತು, ಹಾಯಿ ಕಟ್ಟುವ ಹಗ್ಗದ ಬಳೆ. ಬಟ್ಟೆಗೆ ಬರಿಯ ತೂತು ಹೊಡೆದರೆ ಹರಿಯುತ್ತದೆ, ಆದ್ದರಿಂದ ಬಳೆ. ತಮಟೆಯ ಕಷ್ಟ ಇದಕ್ಕೆ ತಿರುಗುಮುರುಗು: ತೂತು ಹೊಡೆದರೆ ಮುಚ್ಚಿಕೊಂಡೇಬಿಡುತ್ತದೆ. 1801ರ ಸುಮಾರಿಗೆ ಲಂಡನ್ನಿನ ಆಸ್ಟ್ಲಿ ಕೂಪರ್ ತಮಟೆ ಚುಚ್ಚಿ ಶ್ರವಣ ಮರಳಿಸಿದ, ಅದಕ್ಕೆ ಕಾಪ್ಲಿ ಪದಕವೂ ಬಂತು. ತೂತು ಮಾತ್ರ ಉಳಿಯಲಿಲ್ಲ. 1860ರ ದಶಕದಲ್ಲಿ ವಿಯೆನ್ನಾದ ಆಡಂ ಪೊಲಿಟ್ಜರ್ ಗಟ್ಟಿ ರಬ್ಬರಿನ ಬಳೆ ಕೂರಿಸಿ ನೋಡಿದ. ಕೊನೆಗೆ 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ ನಳಿಕೆ ಇಟ್ಟ ಮೇಲೆ ಈ ಚಿಕಿತ್ಸೆ ನೆಲೆಯಾಯಿತು.

ಗ್ರೋಮೆಟ್ ದ್ರವ ಬಸಿಯುವ ನಲ್ಲಿ ಎಂದೇ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಅಡುಗೆಮನೆಯ ಎಣ್ಣೆ ಡಬ್ಬ ನೆನೆದುಕೊಳ್ಳಿ. ಒಂದೇ ತೂತು ಮಾಡಿದರೆ ಎಣ್ಣೆ ಸುರಿಯದು, ಎದುರು ಮೂಲೆಯಲ್ಲಿ ಇನ್ನೊಂದು ಬೇಕು. ಗ್ರೋಮೆಟ್ ಆ ಎರಡನೇ ತೂತು. ಯುಸ್ಟೇಶಿಯನ್ ನಳಿಕೆ ಮಾಡಲಾರದ ಕೆಲಸವನ್ನು ಅದು ಹೊರಗಿನಿಂದ ಮಾಡುತ್ತದೆ, ಗಾಳಿಯನ್ನು ಒಳಗೆ ಬಿಡುತ್ತದೆ.

ಹುಡುಗನ ಶಸ್ತ್ರಚಿಕಿತ್ಸೆ ಶಿವಮೊಗ್ಗದಲ್ಲಾಯಿತು. ಪೂರ್ತಿ ಅರಿವಳಿಕೆ, ಸೂಕ್ಷ್ಮದರ್ಶಕದಡಿ ತಮಟೆಯ ಮುಂದಿನ ಕೆಳಭಾಗದಲ್ಲಿ ಎರಡು ಮಿಲಿಮೀಟರ್‌ನ ಸೀಳು. ಹಿಂದಿನ ಮೇಲ್ಭಾಗಕ್ಕೆ ಕೈಹಾಕುವುದಿಲ್ಲ, ಶಬ್ದ ಸಾಗಿಸುವ ಮೂಳೆಗಳು ಅಲ್ಲೇ ಇವೆ. ಅಂಟನ್ನು ಹೀರಿ ತೆಗೆದು, ನೂಲಿನುಂಡೆಯ ಆಕಾರದ ನೀಲಿ ಬಳೆಯನ್ನು ಸೀಳಿನಲ್ಲಿ ಕೂರಿಸಿದರು. ಅದೇ ದಿನ ಮನೆಗೆ. ಮರುದಿನ ಅವನ ದೂರು: ಬಚ್ಚಲ ತಗಡಿನ ಮೇಲೆ ಬೀಳುವ ಹನಿ ತುಂಬಾ ಜೋರು.

ಮುಂದಿನ ತಪಾಸಣೆಯಲ್ಲಿ ಯಂತ್ರದ ಗೆರೆ ಮತ್ತೆ ಚಪ್ಪಟೆ! ಅಮ್ಮ ಗಾಬರಿಯಾದರು. ಪಕ್ಕದ ಅಂಕಿ ಈಗ 2 ಮಿಲಿಲೀಟರ್ ದಾಟಿತ್ತು. ಯಂತ್ರ ಕಿವಿಕಾಲುವೆಯ ಜೊತೆಗೆ ಒಳಕೋಣೆಯನ್ನೂ ಅಳೆಯುತ್ತಿದೆ, ಅಂದರೆ ಬಳೆ ತೆರೆದೇ ಇದೆ. ಗೆರೆ ಒಂದೇ, ಅರ್ಥ ಎರಡು. ಬರಿಯ ಗೆರೆ ನೋಡಿದವರು ಮೋಸಹೋಗುವುದು ಇಲ್ಲೇ.

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಜಾತ್ರೆಗೆ ಹೋದಾಗ ತುಂಗೆಯಲ್ಲಿ ಮುಳುಗು ಹಾಕಿಸಬೇಡಿ ಎಂದು ವೈದ್ಯರು ಹೇಳಿದ್ದರು. ತಲೆ ಮೇಲಿನ ಸ್ನಾನಕ್ಕೆ ಹೆದರಬೇಕಿಲ್ಲ. ಆಳಕ್ಕೆ ಮುಳುಗಿದರೆ ಮಾತ್ರ ನೀರು ಬಳೆ ದಾಟಿ ಕಿವಿ ಸೋರಬಹುದು. ಸೋರಿದರೆ ಬಾಯಿಗೆ ಮಾತ್ರೆಯಲ್ಲ, ವೈದ್ಯರು ಬರೆದ ಕಿವಿಹನಿ ಸಾಕಾಗುವುದೇ ಹೆಚ್ಚು. ಬಳೆ ಬಿದ್ದ ಮೇಲೂ ನೂರರಲ್ಲಿ ಒಂದೆರಡು ಮಕ್ಕಳಲ್ಲಿ ತೂತು ಹಾಗೇ ಉಳಿಯುತ್ತದೆ, ಕೆಲವರಲ್ಲಿ ದ್ರವ ಮರಳಿ ಕಟ್ಟುತ್ತದೆ. ಎರಡನೇ ಸಲ ಬಳೆ ಬೇಕಾದರೆ ಅಡಿನಾಯ್ಡನ್ನೂ ತೆಗೆಯುವ ಮಾತು ಬರುತ್ತದೆ.

ಬಳೆಯನ್ನು ಯಾರೂ ಕೀಳುವುದಿಲ್ಲ. ತಮಟೆಯ ಚರ್ಮ ನಡುವಿನಿಂದ ಅಂಚಿಗೆ ಸದಾ ಜರುಗುತ್ತಿರುತ್ತದೆ, ಬಳೆಯೂ ಅದರೊಡನೆ ಸಾಗಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಕಾಲುವೆಗೆ ಬೀಳುತ್ತದೆ. ಈ ಹುಡುಗನದು ಮರುವರ್ಷದ ಮಳೆಗಾಲದಲ್ಲಿ ಗುಗ್ಗೆಯ ಜೊತೆ ಹೊರಬಂತು. ತಮಟೆ ಮುಚ್ಚಿತ್ತು, ಕಾಗದದ ಮೇಲೆ ಗುಡ್ಡ ಮೂಡಿತ್ತು. ಸಾಸಿವೆ ಕಾಳಿನಷ್ಟಿದ್ದ ನೀಲಿ ಬಳೆಯನ್ನು ಅಜ್ಜಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡರು.