ನಿವೇಶನದ ಖರೀದಿ ಪತ್ರ (ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗ)

ಖರೀದಿ ಪತ್ರವು ಸ್ಥಿರಾಸ್ತಿಯ ಮಾಲಿಕತ್ವವನ್ನು ಬೆಲೆಗೆ ಪ್ರತಿಯಾಗಿ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ನೋಂದಾಯಿತ ದಸ್ತಾವೇಜು. ಇದನ್ನು ಕ್ರಯಪತ್ರ ಎಂದೂ ಕರೆಯುತ್ತಾರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ನಿವೇಶನ, ಮನೆ ಮತ್ತು ಜಮೀನಿನ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗಬೇಕು. ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಲ್ಲಿ ಈ ಪತ್ರವನ್ನು ಸಾಮಾನ್ಯವಾಗಿ ಪತ್ರಬರಹಗಾರರು ಅಥವಾ ವಕೀಲರು ಸಿದ್ಧಪಡಿಸುತ್ತಾರೆ. ಪತ್ರದಲ್ಲಿ ಹಲವು ಭಾಗಗಳಿದ್ದರೂ ಮುಂದೆ ತಂಟೆ ಹುಟ್ಟುವುದು ಹೆಚ್ಚಾಗಿ ಮೂರು ಕಡೆ: ಹಕ್ಕು ಮಾರುವವರಿಗೆ ಹೇಗೆ ಬಂತೆಂಬ ವಿವರ, ಹಣ ಸಂದ ವಿವರ ಮತ್ತು ಕಬ್ಜೆ ಕೊಟ್ಟ ವಿವರ.

ಪತ್ರದ ಭಾಷೆ

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕುಂದಗೋಳವು ಅದಕ್ಕೂ ಮುಂಚೆ ಜಮಖಂಡಿ ಸಂಸ್ಥಾನದ ಭಾಗವಾಗಿತ್ತು. ಆದ್ದರಿಂದ ಇಲ್ಲಿಯ ದಾಖಲೆಗಳಲ್ಲಿ ಮೈಸೂರು ಕಡೆಯವರಿಗೆ ಪರಿಚಯವಿಲ್ಲದ ಕೆಲವು ಮಾತುಗಳು ಉಳಿದುಕೊಂಡಿವೆ. ಪಹಣಿಗೆ ಉತಾರ, ಸಾಲದ ಹೊರೆಗೆ ಬೋಜಾ, ಸ್ವಾಧೀನಕ್ಕೆ ಕಬ್ಜಾ, ಪಾಲುಪತ್ರಕ್ಕೆ ವಾಟ್ನಿ, ಉತ್ತರಾಧಿಕಾರದ ದಾಖಲಾತಿಗೆ ವಾರಸಾ ಎನ್ನುತ್ತಾರೆ. ಪತ್ರದಲ್ಲಿ ಮಾರುವವರನ್ನು ‘ಬರೆದುಕೊಡುವವರು’ ಎಂದೂ ಕೊಳ್ಳುವವರನ್ನು ‘ಬರೆಯಿಸಿಕೊಳ್ಳುವವರು’ ಎಂದೂ ಕರೆಯುವುದು ರೂಢಿ.

ಹಕ್ಕಿನ ಪರಂಪರೆ

ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೆ ಬರಲಾರದು. ಆದಕಾರಣ ಪತ್ರದ ಪೀಠಿಕೆಯಲ್ಲಿ ಆಸ್ತಿಯು ಮೊದಲು ಯಾರದಾಗಿತ್ತು, ಯಾವ ದಸ್ತಾವೇಜಿನಿಂದ ಅಥವಾ ಯಾರ ಮರಣದಿಂದ ಯಾರಿಗೆ ಬಂತು ಎಂಬುದನ್ನು ಕೊಂಡಿ ತಪ್ಪದಂತೆ ಬರೆಯಬೇಕು. ಬಹಳಷ್ಟು ಪತ್ರಗಳಲ್ಲಿ ಈ ಭಾಗವು ‘ಸದರಿ ಆಸ್ತಿಯು ನಮ್ಮ ಪಿತ್ರಾರ್ಜಿತವಾಗಿದ್ದು ನಮ್ಮ ಹೆಸರಿನಲ್ಲಿ ದಾಖಲಾಗಿರುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ವಾಕ್ಯವು ಏನನ್ನೂ ತಿಳಿಸುವುದಿಲ್ಲ, ತಿಳಿಸಬೇಕಾದುದನ್ನು ಮರೆಮಾಡುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತನು ತನ್ನ ಹೊಲದ ಒಂದು ಎಕರೆಯನ್ನು 1996ರಲ್ಲಿ ಜಿಲ್ಲಾಧಿಕಾರಿಗಳ ಆದೇಶ ಪಡೆದು ಕೃಷಿಯೇತರ ಉಪಯೋಗಕ್ಕೆ ಪರಿವರ್ತಿಸಿ, ಅನುಮೋದಿತ ನಕ್ಷೆಯಂತೆ ಪ್ಲಾಟುಗಳನ್ನಾಗಿ ಮಾಡಿದನೆಂದು ಇಟ್ಟುಕೊಳ್ಳಬಹುದು. ಅದರಲ್ಲಿ 14ನೆಯ ಪ್ಲಾಟನ್ನು, ಅಂದರೆ 30 ಅಡಿ ಅಗಲ 40 ಅಡಿ ಉದ್ದದ ನಿವೇಶನವನ್ನು, 1998ರಲ್ಲಿ ಒಬ್ಬ ಹಿಂದೂ ಗೃಹಸ್ಥನು ಸ್ವಂತ ಗಳಿಕೆಯಿಂದ ನೋಂದಾಯಿತ ಪತ್ರದ ಮೂಲಕ ಕೊಂಡನು. ಆತನು 2011ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡನು. ಆಗ ಆತನ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಮದುವೆಯಾಗಿ ಬೇರೆ ಊರಿನಲ್ಲಿದ್ದ ಒಬ್ಬ ಮಗಳು ಇದ್ದರು. ಆತನ ತಾಯಿ ಮೊದಲೇ ತೀರಿಕೊಂಡಿದ್ದಳು. ಪಂಚಾಯಿತಿಯ ದಾಖಲೆಯಲ್ಲಿ ಮಾತ್ರ ಗಂಡುಮಕ್ಕಳಿಬ್ಬರ ಹೆಸರು ಸೇರಿತು. ಈಗ ಆ ಇಬ್ಬರೇ ಪ್ಲಾಟನ್ನು ಆರು ಲಕ್ಷ ರೂಪಾಯಿಗೆ ಮಾರಲು ಬಂದಿದ್ದಾರೆ.

ಕಾಗದಗಳು ಮೇಲ್ನೋಟಕ್ಕೆ ಸರಿಯಾಗಿ ಕಾಣುತ್ತವೆ. ತೆರಿಗೆ ಪಾವತಿ, ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಎಲ್ಲದರಲ್ಲಿಯೂ ಅಣ್ಣತಮ್ಮಂದಿರ ಹೆಸರೇ ಇದೆ. ಆದರೆ ಪಂಚಾಯಿತಿಯ ಅಥವಾ ಕಂದಾಯದ ದಾಖಲೆಯು ತೆರಿಗೆ ಯಾರಿಂದ ಬರಬೇಕೆಂಬುದನ್ನು ಹೇಳುತ್ತದೆ; ಮಾಲಿಕತ್ವವನ್ನು ಸೃಷ್ಟಿಸುವುದಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 8ನೆಯ ಕಲಮಿನಂತೆ ಆತನ ಸ್ವಯಾರ್ಜಿತ ಆಸ್ತಿಯು ಮರಣದ ಕ್ಷಣದಲ್ಲಿಯೇ ಹೆಂಡತಿಗೂ ಮೂವರು ಮಕ್ಕಳಿಗೂ ಸಮನಾಗಿ, ತಲಾ ನಾಲ್ಕನೆಯ ಒಂದು ಪಾಲಿನಂತೆ ಹೋಯಿತು. ತಾಯಿ ಬದುಕಿದ್ದರೆ ಆಕೆಗೂ ಸಮಪಾಲು ಸಲ್ಲುತ್ತಿತ್ತು. ಆದ್ದರಿಂದ ಗಂಡುಮಕ್ಕಳಿಬ್ಬರು ಬರೆದುಕೊಟ್ಟ ಪತ್ರದಿಂದ ಕೊಳ್ಳುವವನಿಗೆ ಬರುವುದು ಅರ್ಧ ಹಕ್ಕು ಮಾತ್ರ. ಪೂರ್ತಿ ಬೆಲೆ ಕೊಟ್ಟವನು ಆ ಹೆಣ್ಣುಮಗಳು ಮತ್ತು ಆಕೆಯ ತಾಯಿಯೊಂದಿಗೆ ಸಹಮಾಲಿಕನಾಗಿ, ಕೊನೆಗೆ ವಾಟ್ನಿ ದಾವೆಯಲ್ಲಿ ಪ್ರತಿವಾದಿಯಾಗಿ ನಿಲ್ಲಬೇಕಾಗುತ್ತದೆ. ಕಟ್ಟಿದ ಮನೆ ಅವನದಾಗಿದ್ದರೂ ನೆಲದ ಅರ್ಧ ಅವನದಲ್ಲ.

ಆಸ್ತಿಯು ಸ್ವಯಾರ್ಜಿತವಾಗಿರದೆ ಅವಿಭಕ್ತ ಕುಟುಂಬದ್ದಾಗಿದ್ದರೂ ಮಗಳನ್ನು ಬಿಡಲು ಬರುವುದಿಲ್ಲ. 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಮಭಾಗಿ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿದೆ.

ಇಂಥ ಲೋಪವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮೂಲ ಖರೀದಿ ಪತ್ರದಲ್ಲಿ ಇರುವ ಹೆಸರಿಗೂ ಈಗಿನ ದಾಖಲೆಯ ಹೆಸರಿಗೂ ವ್ಯತ್ಯಾಸವಿದ್ದು, ನಡುವೆ ನೋಂದಾಯಿತ ಪತ್ರವಿಲ್ಲದಿದ್ದರೆ ಅಲ್ಲಿ ಒಂದು ಮರಣವಿದೆ ಎಂದೇ ಅರ್ಥ. ಆಗ ಮರಣ ಪ್ರಮಾಣಪತ್ರವನ್ನೂ ವಂಶಾವಳಿಯನ್ನೂ ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ನೋಡಬೇಕು. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ಮಾತ್ರ ನೆಚ್ಚುವುದು ಸಾಲದು. ಅದು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಮರಣದಿಂದ ಬಂದ ಹಕ್ಕು, ನೋಂದಣಿಯಾಗದ ಕರಾರು ಅದರಲ್ಲಿ ಕಾಣುವುದಿಲ್ಲ. 1998ರ ಮೂಲ ಪತ್ರವನ್ನೇ ಕಣ್ಣಾರೆ ನೋಡುವುದೂ ಅಗತ್ಯ. ಅದು ಕಳೆದುಹೋಗಿದೆ ಎಂಬ ಉತ್ತರ ಬಂದರೆ ಯಾವುದಾದರೂ ಸಾಲಕ್ಕೆ ಅಡವಾಗಿರಬಹುದೇ ಎಂದು ವಿಚಾರಿಸಬೇಕು.

ಸರಿಪಡಿಸುವ ದಾರಿಗಳು ಎರಡು. ನಾಲ್ವರೂ ಬರೆದುಕೊಡುವವರಾಗಿ ಪತ್ರಕ್ಕೆ ಸೇರುವುದು ಒಂದು. ತಾಯಿ ಮತ್ತು ಮಗಳು ಮೊದಲೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆದುಕೊಡುವುದು ಇನ್ನೊಂದು. ‘ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಆಕೆಗೆ ಹಕ್ಕಿಲ್ಲ’ ಎಂಬ ಮಾತಿಗಾಗಲಿ, ಬಾಂಡ್ ಕಾಗದದ ಮೇಲೆ ಬರೆಸಿದ ನೋಂದಣಿಯಿಲ್ಲದ ಒಪ್ಪಿಗೆಗಾಗಲಿ ಆಕೆಯ ಪಾಲನ್ನು ವರ್ಗಾಯಿಸುವ ಶಕ್ತಿಯಿಲ್ಲ. ಮಗಳಿಂದ ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿಸುವ ಪದ್ಧತಿಯೂ ಕೆಲವೆಡೆ ಇದೆ. ಸಾಕ್ಷಿ ಸಹಿಯು ಬರೆದುಕೊಟ್ಟವರು ಸಹಿ ಮಾಡಿದ್ದನ್ನು ಕಂಡದ್ದಕ್ಕೆ ಗುರುತೇ ಹೊರತು, ಪಾಲು ಬಿಟ್ಟುಕೊಟ್ಟದ್ದಕ್ಕೆ ಅಲ್ಲ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನವರಿದ್ದು ಅವರ ಪಾಲೂ ಮಾರಾಟವಾಗುವುದಾದರೆ ಮೊದಲೇ ನ್ಯಾಯಾಲಯದ ಅನುಮತಿ ಬೇಕು.

ಉದಾಹರಣೆಯ ಪ್ಲಾಟಿಗೆ ಪೀಠಿಕೆಯನ್ನು ಹೀಗೆ ಬರೆಯಬಹುದು: ‘ಕೆಳಗೆ ಕಾಣಿಸಿದ ಆಸ್ತಿಯು ನಮ್ಮಲ್ಲಿ 1ನೆಯವರ ಪತಿಯೂ 2ರಿಂದ 4ನೆಯವರ ತಂದೆಯೂ ಆದವರು 1998ನೇ ಇಸವಿಯಲ್ಲಿ ನೋಂದಾಯಿತ ಖರೀದಿ ಪತ್ರದ ಮೂಲಕ ಸ್ವಂತ ಗಳಿಕೆಯಿಂದ ಪಡೆದದ್ದು. ಅವರು 2011ನೇ ಇಸವಿಯಲ್ಲಿ ಮೃತ್ಯುಪತ್ರ ಬರೆಯದೆ ಮೃತರಾಗಿದ್ದು, ನಾವು ನಾಲ್ವರ ಹೊರತು ಅವರಿಗೆ ಬೇರೆ ಪ್ರಥಮ ದರ್ಜೆಯ ವಾರಸುದಾರರು ಇರುವುದಿಲ್ಲ. ಪಂಚಾಯಿತಿ ದಾಖಲೆಯಲ್ಲಿ 2 ಮತ್ತು 3ನೆಯವರ ಹೆಸರು ಮಾತ್ರ ಇದ್ದರೂ ಆಸ್ತಿಯಲ್ಲಿ ನಮ್ಮೆಲ್ಲರಿಗೂ ಸಮಾನ ಹಕ್ಕು ಇರುತ್ತದೆ.’ ಇದರಲ್ಲಿ ಪತ್ರದ ದಿನಾಂಕ, ನೋಂದಣಿ ಸಂಖ್ಯೆ ಮತ್ತು ಕಚೇರಿಯ ಹೆಸರನ್ನು ತುಂಬಬೇಕು. ನೋಂದಣಿಗೆ ಬೇಕಾಗುವ ಪಂಚಾಯಿತಿ ದಾಖಲೆಯಲ್ಲಿಯೂ ನಾಲ್ವರ ಹೆಸರು ಬರುವಂತೆ ಮೊದಲೇ ವಾರಸಾ ತಿದ್ದಿಸಿಕೊಳ್ಳುವುದು ಲೇಸು; ಆಗ ಪೀಠಿಕೆಯ ಕೊನೆಯ ವಾಕ್ಯವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು.

ಬೆಲೆ ಮತ್ತು ಅದು ಸಂದ ವಿವರ

ಕಾನೂನಿನಲ್ಲಿ ಬೆಲೆಯು ಪೂರ್ತಿ ಸಂದಿರಬಹುದು, ಕೊಡುವುದಾಗಿ ಒಪ್ಪಿರಬಹುದು ಅಥವಾ ಭಾಗಶಃ ಸಂದು ಭಾಗಶಃ ಬಾಕಿಯಿರಬಹುದು. ಹಣ ಪೂರ್ತಿ ಬಾರದಿದ್ದರೂ ನೋಂದಣಿಯಾದರೆ ಮಾಲಿಕತ್ವ ಹೋಗಬಹುದೆಂಬುದು ಇದರ ಅರ್ಥ. ಬೆಲೆಯ ಭಾಗ ಬಾಕಿ ಉಳಿಯಿತೆಂಬ ಕಾರಣಕ್ಕೆ ಖರೀದಿ ಪತ್ರ ರದ್ದಾಗುವುದಿಲ್ಲ, ಬಾಕಿ ವಸೂಲಿಯೇ ಮಾರಿದವರ ದಾರಿ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ದಹಿಬೆನ್ ಪ್ರಕರಣದಲ್ಲಿ ಹೇಳಿದೆ. ಬಾಕಿ ಹಣಕ್ಕೆ ಆ ಆಸ್ತಿಯ ಮೇಲೆ ಹೊರೆಯಿರುತ್ತದೆ ನಿಜ. ಆದರೆ ‘ಪೂರ್ತಿ ಹಣ ಮುಟ್ಟಿತು’ ಎಂದು ಬರೆದುಕೊಟ್ಟ ಮೇಲೆ ಬಾಕಿಯನ್ನು ರುಜುವಾತು ಮಾಡುವುದು ಕಠಿಣ. ಮುಂದಿನ ತಾರೀಕಿನ ಚೆಕ್ಕು ಪಡೆದು ಹೀಗೆ ಬರೆದುಕೊಡುವುದು ಅಪಾಯಕರ.

ಆದ್ದರಿಂದ ಹಣದ ವಿವರವು ಮೊತ್ತ, ದಿನಾಂಕ, ಬ್ಯಾಂಕು, ಚೆಕ್ಕು ಅಥವಾ ಡಿ.ಡಿ. ಸಂಖ್ಯೆ, ಯಾರ ಖಾತೆಗೆ ಎಷ್ಟು ಎಂಬುದನ್ನು ಒಳಗೊಂಡಿರಬೇಕು. ಉದಾಹರಣೆಯಲ್ಲಿ ನಾಲ್ವರಿಗೂ ತಲಾ 1,50,000 ರೂಪಾಯಿ ಅವರವರ ಖಾತೆಗೇ ಸಂದಿತೆಂದು ಬರೆದರೆ, ಹೆಣ್ಣುಮಗಳ ಪಾಲು ಆಕೆಗೆ ಮುಟ್ಟಿತೇ ಎಂಬ ಪ್ರಶ್ನೆ ಮುಂದೆ ಏಳುವುದಿಲ್ಲ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಮುದ್ರಾಂಕ ಶುಲ್ಕವನ್ನು ಪತ್ರದಲ್ಲಿ ಬರೆದ ಬೆಲೆ ಮತ್ತು ಸರಕಾರದ ಮಾರ್ಗಸೂಚಿ ಬೆಲೆ ಇವುಗಳಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕುತ್ತಾರೆ. ಮಾರ್ಗಸೂಚಿ ಬೆಲೆ 5,40,000 ರೂಪಾಯಿಯಿದ್ದರೆ ಆರು ಲಕ್ಷದ ಮೇಲೆಯೇ ಶೇಕಡಾ 5ರಂತೆ 30,000 ರೂಪಾಯಿ, ಅದರ ಮೇಲೆ ಹಳ್ಳಿಯ ಆಸ್ತಿಗೆ ಶೇಕಡಾ 3ರ ಅಧಿಭಾರ 900 ಮತ್ತು ಶೇಕಡಾ 10ರ ಉಪಕರ 3,000 ಸೇರಿ 33,900 ರೂಪಾಯಿ ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿರುವುದರಿಂದ ಇನ್ನೂ 12,000 ರೂಪಾಯಿ ಬೇಕು. ಶುಲ್ಕ ಉಳಿಸಲು ಬೆಲೆ ಕಡಿಮೆ ಬರೆದ ಪತ್ರದಲ್ಲಿ ಕೊಂಡವನಿಗೇ ನಷ್ಟವುಂಟು: ಹಕ್ಕಿನ ದೋಷದಿಂದ ಆಸ್ತಿ ಕೈಬಿಟ್ಟಾಗ ಅವನು ಸುಲಭವಾಗಿ ರುಜುವಾತು ಮಾಡಬಲ್ಲದ್ದು ಪತ್ರದಲ್ಲಿರುವ ಮೊತ್ತವನ್ನು ಮಾತ್ರ.

ಕಬ್ಜೆ ಮತ್ತು ಚತುಃಸೀಮೆ

ಮನೆಯಾದರೆ ಕೀಲಿಕೈ ಕೊಟ್ಟು ಕಬ್ಜೆ ಒಪ್ಪಿಸಬಹುದು. ಖುಲ್ಲಾ ಪ್ಲಾಟಿಗೆ ಬಾಗಿಲಿಲ್ಲ. ಅಲ್ಲಿ ಕಬ್ಜೆ ಕೊಡುವುದೆಂದರೆ ನಾಲ್ಕು ಮೂಲೆಗಳನ್ನು ಅಳೆದು ತೋರಿಸುವುದು. ನವಲಗುಂದ ಮತ್ತು ಅಣ್ಣಿಗೇರಿಯ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಆಳವಾಗಿ ನೆಡದ ಗಡಿಕಲ್ಲು ವಾಲುತ್ತದೆ. ಆದ್ದರಿಂದ ಸಹಿಗೆ ಮುಂಚೆಯೇ ಅನುಮೋದಿತ ನಕ್ಷೆಯನ್ನು ಹಿಡಿದು, ಪಕ್ಕದ ಪ್ಲಾಟಿನವರ ಸಮಕ್ಷಮ ರಸ್ತೆಯ ಅಂಚಿನಿಂದ ಅಳತೆ ಮಾಡುವುದು ಒಳ್ಳೆಯದು.

ಪತ್ರದ ಕೊನೆಯ ಆಸ್ತಿ ವಿವರದಲ್ಲಿ ಗ್ರಾಮ, ರಿ.ಸ. ನಂಬರು, ಪ್ಲಾಟ್ ನಂಬರು, ಪಂಚಾಯಿತಿಯ ಆಸ್ತಿ ಸಂಖ್ಯೆ, ಪ್ರತಿ ದಿಕ್ಕಿನ ಅಳತೆ, ಒಟ್ಟು ಕ್ಷೇತ್ರ 1,200 ಚದರ ಅಡಿ (111.48 ಚದರ ಮೀಟರ್) ಮತ್ತು ಚತುಃಸೀಮೆ ಇರಬೇಕು. ಅಳತೆಗೂ ಸೀಮೆಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಸೀಮೆಗೇ ಹೆಚ್ಚು ಬೆಲೆ ಕೊಡುತ್ತವೆ. ಹೀಗಾಗಿ ‘ಪೂರ್ವಕ್ಕೆ ಇಂಥವರ ಜಾಗ’ ಎಂದು ಬರೆಯುವುದಕ್ಕಿಂತ ‘ಪೂರ್ವಕ್ಕೆ 15ನೆಯ ಪ್ಲಾಟು’ ಎಂದು ಬರೆಯುವುದು ಮೇಲು. ಮಾಲಿಕರು ಬದಲಾಗುತ್ತಾರೆ, ಪ್ಲಾಟಿನ ನಂಬರು ಉಳಿಯುತ್ತದೆ.

ಕಬ್ಜೆಯ ವಾಕ್ಯವು ನಿಜಸ್ಥಿತಿಗೆ ಹೊಂದಬೇಕು. ‘ಈ ದಿವಸ ಸಮಕ್ಷಮ ಅಳತೆ ಮಾಡಿ ಖುಲ್ಲಾ ಕಬ್ಜೆಯನ್ನು ನಿಮಗೆ ಒಪ್ಪಿಸಿರುತ್ತೇವೆ’ ಎಂದು ಬರೆದು, ಪ್ಲಾಟಿನಲ್ಲಿ ಬೇರೆಯವರ ಬಣವೆ ಅಥವಾ ದನದ ಕೊಟ್ಟಿಗೆ ಹಾಗೆಯೇ ಉಳಿದಿದ್ದರೆ, ಬಿಡಿಸುವ ಕಷ್ಟ ಕೊಂಡವನ ಪಾಲಿಗೆ ಬರುತ್ತದೆ. ಆ ಸಂದರ್ಭದಲ್ಲಿ ತೆರವು ಮಾಡಿದ ಮೇಲೆಯೇ ಸಹಿ ಮಾಡುವುದು ಸರಿ. ಮುಂಗಡದ ಕರಾರು ಪತ್ರದಲ್ಲಿಯೇ ಕಬ್ಜೆ ಕೊಟ್ಟೆವೆಂದು ಬರೆಯುವುದೂ ಎಚ್ಚರದ ಸಂಗತಿ. ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರಂತೆ ಕಬ್ಜೆ ಸಹಿತ ಕರಾರಿಗೆ ಖರೀದಿ ಪತ್ರದಷ್ಟೇ ಶುಲ್ಕ ಬೀಳುತ್ತದೆ. ಮೂಲ ಪತ್ರಗಳನ್ನು ಒಪ್ಪಿಸಿದ ವಿವರವನ್ನೂ ಈ ಭಾಗದಲ್ಲಿಯೇ ಸಂಖ್ಯೆ ಸಹಿತ ಬರೆಯುತ್ತಾರೆ.

ನೋಂದಣಿ ಮತ್ತು ತಿದ್ದುಪಡಿ

ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿಯಾದ ಪತ್ರವು ಸಹಿಯಾದ ದಿನದಿಂದಲೇ ಜಾರಿಯಾಗುತ್ತದೆ. ಉಪನೋಂದಣಾಧಿಕಾರಿಯು ಬರೆದುಕೊಟ್ಟವರ ಗುರುತನ್ನೂ ಅವರು ಸಹಿಯನ್ನು ಒಪ್ಪುವುದನ್ನೂ ನೋಡುತ್ತಾರೆ. ಅವರ ಹಕ್ಕು ನಿರ್ದೋಷವೆಂದು ಪ್ರಮಾಣೀಕರಿಸುವುದಿಲ್ಲ. ಪ್ಲಾಟ್ ನಂಬರು, ದಿಕ್ಕು ಅಥವಾ ಅಳತೆ ತಪ್ಪಿ ಬಿದ್ದಿದ್ದರೆ ಅದೇ ಪಕ್ಷಗಾರರು ಸೇರಿ ತಿದ್ದುಪಡಿ ಪತ್ರ ಬರೆದು ನೋಂದಾಯಿಸಬಹುದು. ಸಹಿ ಮಾಡದೆ ಉಳಿದ ವಾರಸುದಾರರ ಪಾಲು ಮಾತ್ರ ತಿದ್ದುಪಡಿ ಪತ್ರದಿಂದ ಬರುವುದಿಲ್ಲ. ಅದಕ್ಕೆ ಅವರಿಂದಲೇ ಪ್ರತ್ಯೇಕ ಖರೀದಿ ಪತ್ರ ಅಥವಾ ಹಕ್ಕುಬಿಡುಗಡೆ ಪತ್ರವನ್ನು ಪಡೆಯಬೇಕಾಗುತ್ತದೆ.