ಗಡುವು ತಪ್ಪಿದ ಮರುದಿನ ಬರೆಯುವ ಮೇಲ್

ಇಂಟರ್ನ್‌ಶಿಪ್‌ಗೆ ಸೇರಿದ ವಿದ್ಯಾರ್ಥಿಗಳು ಹೇಳಿದ ದಿನಕ್ಕೆ ಕೆಲಸ ಕೊಡಲಾಗದೆ ಬರೆಯುವ ಮೇಲ್‌ಗಳಲ್ಲಿ ಕ್ಷಮೆಗೇನೂ ಕೊರತೆಯಿರುವುದಿಲ್ಲ. ‘ದಯವಿಟ್ಟು ಕ್ಷಮಿಸಿ’ ಎಂಬುದು ಎರಡು ಮೂರು ಸಲ ಬರುತ್ತದೆ, ಮನೆಯ ತೊಂದರೆಯೋ ಜ್ವರವೋ ಒಂದು ಪ್ಯಾರಾ ತುಂಬುತ್ತದೆ, ಕೊನೆಗೆ ‘ಆದಷ್ಟು ಬೇಗ ಕಳಿಸುತ್ತೇನೆ’ ಎಂದು ಮುಗಿಯುತ್ತದೆ. ಆದರೆ ಓದುವವರಿಗೆ ತಿಳಿಯಬೇಕಾದ ಎರಡು ಸಂಗತಿ ಅದರಲ್ಲಿ ಇರುವುದೇ ಇಲ್ಲ: ಕೆಲಸ ಎಲ್ಲಿಗೆ ಬಂದಿದೆ, ಯಾವತ್ತು ಕೈಗೆ ಸಿಗುತ್ತದೆ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕ್ಷಮಾಪಣೆಯನ್ನು ಆರು ಅಂಶಗಳಾಗಿ ಬಿಡಿಸಿ, ಓದುಗರ ಮನಸ್ಸಿಗೆ ಯಾವುದು ಹೆಚ್ಚು ನಾಟುತ್ತದೆಂದು ನೋಡಿದರು. ‘ತಪ್ಪು ನನ್ನದು’ ಎಂದು ಹೊಣೆ ಹೊರುವುದು ಮೊದಲ ಸ್ಥಾನದಲ್ಲಿತ್ತು. ಆದ ನಷ್ಟವನ್ನು ಸರಿಪಡಿಸುತ್ತೇನೆ ಎನ್ನುವುದು ಅದರ ನಂತರದ್ದು. ‘ನನ್ನನ್ನು ಕ್ಷಮಿಸಿಬಿಡಿ’ ಎಂಬ ಬೇಡಿಕೆ ಎಲ್ಲಕ್ಕಿಂತ ಕೊನೆಯಲ್ಲಿತ್ತು. ನಮ್ಮ ವಿದ್ಯಾರ್ಥಿಗಳು ಹೆಚ್ಚು ಒತ್ತು ಕೊಡುವುದು ಆ ಕೊನೆಯದಕ್ಕೇ. ಗಡುವು ತಪ್ಪಿದ ಸಂದರ್ಭದಲ್ಲಿ ಸರಿಪಡಿಸುವುದು ಎಂದರೆ ನಂಬಬಹುದಾದ ಹೊಸ ದಿನಾಂಕ ಕೊಡುವುದು. ಮೇಲ್‌ನ ಕಷ್ಟದ ಭಾಗವೂ ಅದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂ.ಎಸ್.ಡಬ್ಲ್ಯು. ಓದುತ್ತಿರುವ ಹುಡುಗಿಯೊಬ್ಬಳು ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಇಂಟರ್ನ್. ನಾಲ್ಕು ಹಳ್ಳಿಗಳ 240 ಮನೆಗಳಲ್ಲಿ ಕುಡಿಯುವ ನೀರಿನ ಸಮೀಕ್ಷೆ ನಡೆದಿದೆ. ಕೈಬರಹದ ಫಾರಂಗಳನ್ನು ಎಕ್ಸೆಲ್‌ಗೆ ಏರಿಸಿ, ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಸಿಗುತ್ತಿದೆ, ಜಲ ಜೀವನ್ ಮಿಷನ್ ಹೇಳುವ 55 ಲೀಟರ್ ಮುಟ್ಟುತ್ತಿದೆಯೇ ಎಂದು ಎರಡು ಪುಟದಲ್ಲಿ ಬರೆದುಕೊಡುವುದು ಅವಳ ಕೆಲಸ. ಗಡುವು 9ನೇ ತಾರೀಖು, ಸೋಮವಾರ ಸಂಜೆ 5 ಗಂಟೆ. ಒಂದು ಫಾರಂಗೆ 5 ನಿಮಿಷವೆಂದರೆ 240ಕ್ಕೆ 20 ಗಂಟೆ. ಕೈಯಲ್ಲಿ ಐದು ದಿನ, ದಿನಕ್ಕೆ ಐದು ಗಂಟೆಯಂತೆ 25 ಗಂಟೆಯಿದೆ, ವರದಿ ಬರೆಯಲೂ ಸಮಯ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು.

ಕೂತ ಮೇಲೆ ಗೊತ್ತಾದದ್ದೇ ಬೇರೆ. ಕೆಲವು ಫಾರಂಗಳಲ್ಲಿ ನೀರಿನ ಪ್ರಮಾಣ ಲೀಟರ್‌ನಲ್ಲಿತ್ತು, ಹಲವದರಲ್ಲಿ ‘ಆರು ಕೊಡ’, ‘ಎಂಟು ಕೊಡ’ ಎಂದಿತ್ತು. ಯಾವ ಊರಲ್ಲಿ ಎಷ್ಟು ಲೀಟರಿನ ಕೊಡ ಎಂದು ನೋಡಿ ಪ್ರತಿಯೊಂದನ್ನೂ ಪರಿವರ್ತಿಸಬೇಕಾಯಿತು. ಒಂದು ಫಾರಂ 10 ನಿಮಿಷ ತಿನ್ನತೊಡಗಿತು. ಸೋಮವಾರ ಸಂಜೆಗೆ ಮೂರು ಹಳ್ಳಿಗಳ 150 ಫಾರಂ ಮಾತ್ರ ಮುಗಿದಿದ್ದವು. ಅವುಗಳಲ್ಲೂ 22ರಲ್ಲಿ ಮನೆಯಲ್ಲಿ ಎಷ್ಟು ಜನ ಎಂಬುದೇ ಖಾಲಿ. ಜನಸಂಖ್ಯೆ ಇಲ್ಲದೆ ತಲಾ ಲೆಕ್ಕ ಸಿಗುವುದಿಲ್ಲ.

ಈಗ ಅವಳ ಮನಸ್ಸಿಗೆ ಮೊದಲು ಬರುವ ದಿನ ಗುರುವಾರ. ಮೂರು ದಿನ ಜೋರಾಗಿ ಕೂತರೆ ಆದೀತು ಎನಿಸುತ್ತದೆ. ಈ ಎನಿಸಿಕೆಯನ್ನು ನಂಬಬಾರದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ಪದವಿ ವಿದ್ಯಾರ್ಥಿಗಳನ್ನು, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದ್ದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದಾಗ ಸುಮಾರು 49 ಎಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ತೀರಾ ಕೆಟ್ಟದ್ದನ್ನು ಊಹಿಸಿದಾಗಲೂ ಲೆಕ್ಕ ಕಡಿಮೆಯೇ ಬಿತ್ತು. ಹೀಗೆ ಅಂದಾಜು ಯಾವಾಗಲೂ ಆಶಾವಾದದ ಕಡೆಗೇ ವಾಲುವುದನ್ನು ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್‌ಸ್ಕಿ 1979ರಲ್ಲೇ ಗುರುತಿಸಿದ್ದರು. ಮುಂದೆ ಏನಾಗಬೇಕು ಎಂಬ ಚಿತ್ರವನ್ನು ಬಿಟ್ಟು, ಈವರೆಗೆ ಏನಾಗಿದೆ ಎಂಬುದರಿಂದ ಲೆಕ್ಕ ಶುರು ಮಾಡುವುದು ಅವರು ಸೂಚಿಸಿದ ದಾರಿ.

ಅವಳ ಬಳಿ ಆ ಅಳತೆ ಇದೆ. 25 ಗಂಟೆಯಲ್ಲಿ 150 ಫಾರಂ. ಹಾಗಾದರೆ ಉಳಿದ 90ಕ್ಕೆ 15 ಗಂಟೆ. ಖಾಲಿ ಬಿಟ್ಟ 22 ಮನೆಗಳ ಬಗ್ಗೆ ಸಮೀಕ್ಷೆಗೆ ಹೋದವರಿಗೆ ಫೋನ್ ಮಾಡಿ ಕೇಳಿ, ಏರಿಸಿದ ಅಂಕಿಗಳನ್ನು ಒಮ್ಮೆ ತಾಳೆ ನೋಡಲು 3 ಗಂಟೆ. ವರದಿ ಬರೆಯಲು ಒಂದು ಪೂರ್ತಿ ದಿನ, ಅಂದರೆ 5 ಗಂಟೆ. ಶುಕ್ರವಾರ ಮೇಡಂಗೆ ಪಂಚಾಯಿತಿಯವರ ಜೊತೆ ಸಭೆಯಿದೆ, ಅದಕ್ಕೆ ಮುಗಿದಷ್ಟರ ಕೋಷ್ಟಕ ಮಾಡಿಕೊಡಲು 2 ಗಂಟೆ. ಒಟ್ಟು 25 ಗಂಟೆ, ಅಂದರೆ ಐದು ದಿನ. ಶನಿವಾರ ಕಾಲೇಜು, ಭಾನುವಾರ ರಜೆ. ಮಂಗಳವಾರ ಶುರು ಮಾಡಿದರೆ ಮುಗಿಯುವುದು ಮುಂದಿನ ಸೋಮವಾರ ಸಂಜೆ. ಕರೆಂಟು, ಎತ್ತದ ಫೋನು ಇವುಗಳಿಗೆ ಅರ್ಧ ದಿನ ಬಿಟ್ಟರೆ ಮಂಗಳವಾರ ಮಧ್ಯಾಹ್ನ. ಮೇಲ್‌ನಲ್ಲಿ ಬರೆಯಬೇಕಾದದ್ದು ಈ ದಿನ.

‘ವಿಷಯ: ನೀರಿನ ಸಮೀಕ್ಷೆ ವರದಿ ತಡ, 17ನೇ ತಾರೀಖು ಮಂಗಳವಾರ ಮಧ್ಯಾಹ್ನ 1ಕ್ಕೆ ಕೊಡುತ್ತೇನೆ

ಮೇಡಂ, ನಮಸ್ಕಾರ.

ನಿನ್ನೆ ಸಂಜೆ 5ಕ್ಕೆ ಕೊಡಬೇಕಿದ್ದ ವರದಿಯನ್ನು ಕೊಡಲಾಗಲಿಲ್ಲ. ತಪ್ಪು ನನ್ನದು, ಕ್ಷಮಿಸಿ. ಒಂದು ಫಾರಂಗೆ 5 ನಿಮಿಷ ಸಾಕೆಂದುಕೊಂಡಿದ್ದೆ. ಕೊಡದ ಲೆಕ್ಕವನ್ನು ಲೀಟರ್‌ಗೆ ತರಬೇಕಾದ್ದರಿಂದ 10 ನಿಮಿಷ ಹಿಡಿಯುತ್ತಿದೆ. ಇದು ಕಳೆದ ಬುಧವಾರವೇ ಗೊತ್ತಾಗಿತ್ತು, ಆಗಲೇ ನಿಮಗೆ ತಿಳಿಸಬೇಕಿತ್ತು.

240ರಲ್ಲಿ 150 ಫಾರಂ ಮುಗಿದಿವೆ. ಅವುಗಳಲ್ಲಿ 22ಕ್ಕೆ ಜನಸಂಖ್ಯೆ ಸಿಗಬೇಕಿದೆ. ಪೂರ್ತಿ ವರದಿ 17ರಂದು ಮಧ್ಯಾಹ್ನ 1ಕ್ಕೆ ಕೊಡುತ್ತೇನೆ. ಶುಕ್ರವಾರದ ಸಭೆಗಾಗಿ ಮುಗಿದ ಮೂರು ಹಳ್ಳಿಗಳ ಕೋಷ್ಟಕವನ್ನು ಇವತ್ತು ಸಂಜೆಯೇ ಕಳಿಸುತ್ತೇನೆ. ನಾಲ್ಕನೇ ಹಳ್ಳಿ ಅದರಲ್ಲಿ ಇರುವುದಿಲ್ಲ. ಈ ದಿನಾಂಕ ಅನುಕೂಲವಾಗದಿದ್ದರೆ ದಯವಿಟ್ಟು ತಿಳಿಸಿ.’

ಇಷ್ಟು ಸಾಕು. ಕಾರಣಕ್ಕೆ ಒಂದೇ ವಾಕ್ಯ ಸಿಕ್ಕಿದೆ, ಮತ್ತು ಅದು ಹೊಸ ದಿನಾಂಕವನ್ನು ನಂಬಲು ನೆರವಾಗುವ ಕಾರಣ. ಜ್ವರ ಬಂದಿದ್ದರೆ ಅದನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು. ಬಾರದ ಜ್ವರವನ್ನು ಬರೆಯಬಾರದು. ನಾಲ್ಕನೇ ಹಳ್ಳಿ ಇಲ್ಲ ಎಂಬ ಮಾತನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಅದನ್ನು ಬಿಟ್ಟಿದ್ದರೆ ಮೇಡಂ ಸಭೆಯಲ್ಲಿ ಮೂರು ಹಳ್ಳಿಗಳ ಸರಾಸರಿಯನ್ನು ನಾಲ್ಕರದ್ದೆಂದು ಹೇಳಿಬಿಡುತ್ತಿದ್ದರು.

ಮೇಡಂ ‘ಇಲ್ಲಮ್ಮ, ಶುಕ್ರವಾರಕ್ಕೇ ಪೂರ್ತಿ ಬೇಕು’ ಎಂದರೆ? ಹೆಚ್ಚಿನವರು ಇಲ್ಲಿ ‘ಆಯ್ತು ಮೇಡಂ’ ಎಂದು ತಲೆಯಾಡಿಸಿ ಎರಡನೇ ಸಲ ಮಾತು ತಪ್ಪುತ್ತಾರೆ. ಉಳಿದ 25 ಗಂಟೆಯ ಲೆಕ್ಕವನ್ನು ಅವರ ಮುಂದಿಟ್ಟು, ಇನ್ನೊಬ್ಬರನ್ನು ಜೊತೆಗೆ ಕೊಡುತ್ತೀರಾ, ಇಲ್ಲ ಎರಡು ಪುಟದ ಬರಹವನ್ನು ಆಮೇಲೆ ಕೊಟ್ಟರೆ ಆದೀತೇ ಎಂದು ಕೇಳಬೇಕು. ಏನನ್ನು ಬಿಡಬಹುದು ಎಂದು ತೀರ್ಮಾನಿಸುವ ಅಧಿಕಾರ ಇಂಟರ್ನ್‌ಗೆ ಇರುವುದಿಲ್ಲ, ಮೇಲ್ವಿಚಾರಕರಿಗೆ ಇರುತ್ತದೆ.

ಆ ಮೇಲ್ವಿಚಾರಕರಲ್ಲೂ ಒಂದು ಮನವಿ. ಇಂಥ ಮೇಲ್ ಬಂದಾಗ ಉತ್ತರಿಸದೆ ಬಿಡಬೇಡಿ. ‘ದಿನಾಂಕ ಸರಿ, 17ಕ್ಕೆ ಕೊಡಿ’ ಎಂಬ ಒಂದು ಸಾಲನ್ನಾದರೂ ಅದೇ ದಿನ ಬರೆಯಿರಿ. ಆ ಸಾಲು ಬರುವವರೆಗೆ ಹುಡುಗಿಗೆ ತಾನು ಯಾವ ಗಡುವಿಗೆ ಕೆಲಸ ಮಾಡುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ.